ಲಾಟರಿ ಕರೆಯ ಕಿರುನಾಟಕ: ಕೊನೆಯ ತಿರುವು ಯಾರನ್ನೂ ಹೆದರಿಸಬಾರದು, ಏನು ಮಾಡೋಣ?

ಶಿಬಿರದ ಮುಂದಾಳು
ಎನ್ನೆಸ್ಸೆಸ್ ಶಿಬಿರ, ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಆರನೇ ದಿನ ಸಂಜೆ ಅರಳಿಕಟ್ಟೆ ಮುಂದೆ 12 ನಿಮಿಷದ ನಾಟಕ ಆಡಬೇಕು. ವಿಷಯ: "ನಿಮಗೆ 25 ಲಕ್ಷ ಲಾಟರಿ ಹೊಡೆದಿದೆ" ಅಂತ ಬರುವ ಸುಳ್ಳು ಫೋನು. ನೋಡುವವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು, ಸ್ವಸಹಾಯ ಸಂಘದ ಹೆಂಗಸರು. ಪಾತ್ರಧಾರಿಗಳು ನಾಲ್ಕು ಜನ, ಮೈಕು ಎರಡು.

ಈಗ ಬರೆದಿರುವುದರಲ್ಲಿ ಅಜ್ಜಿ ದುಡ್ಡು ಕಳಕೊಂಡು ಅಳುತ್ತಾಳೆ, ಪೊಲೀಸರು ಬಂದು ಬುದ್ಧಿ ಹೇಳುತ್ತಾರೆ. ಓದಿದವರೆಲ್ಲ "ಇದನ್ನ ನೋಡಿದ ಮೇಲೆ ನಮ್ಮಜ್ಜಿ ಫೋನೇ ಮುಟ್ಟಲ್ಲ" ಅಂದರು. ಕೊನೆಗೆ ಬೇರೆ ತಿರುವು ಬೇಕು.

ಹುಚ್ಚೇಗೌಡ ಎಚ್
ಬಹಳ ಸುಲಭ. ಲಾಟರಿ ಅನ್ನೋದೇ ಕಾನೂನುಬಾಹಿರ. ಆದ್ದರಿಂದ ಯಾವ ಲಾಟರಿ ಕರೆ ಬಂದರೂ ಸುಳ್ಳು. ಅಜ್ಜಿಯ ಮೊಮ್ಮಗ ಬಂದು ಇದೊಂದು ಸಾಲು ಹೇಳಲಿ, ಪರದೆ ಎಳೀರಿ.

ಪದ್ಮ_ತುಮಕೂರು
ಅಯ್ಯೋ, ಅಂಥ ಕರೆ ಬಂದಿದ್ದರೆ ಆ ನಂಬರ್ ಬ್ಲಾಕ್ ಮಾಡಿ ಮೊದಲು. ದುಡ್ಡೇನೂ ಹಾಕಿಲ್ಲ ತಾನೆ? ಒಟಿಪಿ ಹೇಳಿದ್ದೀರಾ?

ಶಿಬಿರದ ಮುಂದಾಳು
ಪದ್ಮಕ್ಕ, ಕರೆ ನನಗೆ ಬಂದಿಲ್ಲ, ನಾಟಕದ ಅಜ್ಜಿಗೆ ಬಂದಿದೆ 🙂

ಗಡಿನಾಡು ಕಾಸರಗೋಡು
ಹುಚ್ಚೇಗೌಡರೇ, ಅರ್ಧ ಸರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧ, ನಿಜ. ಆದರೆ ನಡೆಸುವುದೋ ಬಿಡುವುದೋ ಆಯಾ ರಾಜ್ಯದ ಇಷ್ಟ. ಕೇರಳ ಸರಕಾರ 1967ರಿಂದ ನಡೆಸುತ್ತ ಬಂದಿದೆ. ನಮ್ಮ ಊರಿನಲ್ಲಿ ಬಸ್‌ಸ್ಟ್ಯಾಂಡಿನ ಮೂಲೆ ಮೂಲೆಯಲ್ಲಿ ಟಿಕೆಟ್ ಮಾರುತ್ತಾರೆ. ವೇದಿಕೆ ಮೇಲೆ "ಲಾಟರಿಯೇ ಸುಳ್ಳು" ಅಂದರೆ ಮಂಡ್ಯದವರು ನಕ್ಕುಬಿಟ್ಟಾರು. 2024ರ ತಿರುವೋಣಂ ಬಂಪರ್‌ನ 25 ಕೋಟಿ ಹೋದದ್ದು ಮಂಡ್ಯ ಜಿಲ್ಲೆಗೇ ಅಲ್ವಾ? ಆ ಸುದ್ದಿ ಅಲ್ಲಿ ಪ್ರತಿ ಟೀ ಅಂಗಡಿಯಲ್ಲೂ ಮಾತಾಗಿದೆ.

ಅದರ ಬದಲು ಟಿಕೆಟ್‌ನ ಸಂಗತಿಯನ್ನೇ ಉಪಯೋಗಿಸಿ. ಕೇರಳದ ಟಿಕೆಟ್ ಅಂದರೆ ಕಾಗದದ ಚೀಟಿ. ಕೊಂಡವರ ಹೆಸರು, ಫೋನ್ ನಂಬರ್ ಯಾವುದನ್ನೂ ಅಂಗಡಿಯವನು ಬರಕೊಳ್ಳುವುದಿಲ್ಲ. ಬಹುಮಾನ ಬಂದದ್ದನ್ನು ನಾವೇ ಫಲಿತಾಂಶ ನೋಡಿ ತಿಳಕೊಳ್ಳಬೇಕು, ನಾವೇ ಟಿಕೆಟ್ ಹಿಡಕೊಂಡು ಗಡುವಿನೊಳಗೆ ಹೋಗಬೇಕು. ನಿಜವಾದ ಲಾಟರಿಯವರಿಗೆ ಗೆದ್ದವರು ಯಾರು ಅಂತ ಗೊತ್ತೇ ಇರುವುದಿಲ್ಲ, ಇನ್ನು ಅವರು ಫೋನ್ ಮಾಡುವುದು ಎಲ್ಲಿಂದ?

ಹುಚ್ಚೇಗೌಡ ಎಚ್
ಸರಿ ಸರಿ, ಒಪ್ಪಿದೆ. ಆ ಕೊನೇ ವಾಕ್ಯ ಮಾತ್ರ ನಾಟಕಕ್ಕೆ ಹಾಕಲೇಬೇಕು.

ರಂಗಸಜ್ಜಿಕೆ
ಹಾಕಿ, ಆದರೆ ಉಪದೇಶದ ಹಾಗೆ ಹಾಕಬೇಡಿ. ತಿರುವು ಎಲ್ಲಿಂದ ಹುಟ್ಟಬೇಕು ಅಂತ ಮೊದಲು ನೋಡೋಣ.

ಈ ಕರೆಗಳಲ್ಲಿ ಮೂರು ತಿರುಗಣಿ ಇರುತ್ತವೆ. ಒಂದು ಖುಷಿ, ಒಂದು ಅವಸರ, ಒಂದು ಗುಟ್ಟು. "ಇವತ್ತು ಸಂಜೆ 5ರೊಳಗೆ ಕಟ್ಟಬೇಕು" ಅನ್ನೋದು ಅವಸರ. "ಯಾರಿಗೂ ಹೇಳಬೇಡಿ ಮೇಡಮ್, ನಿಮ್ಮ ನಂಬರ್ ಬೇರೆಯವರ ಕೈಗೆ ಸಿಕ್ಕರೆ ಅವರು ಕ್ಲೇಮ್ ಮಾಡ್ತಾರೆ" ಅನ್ನೋದು ಗುಟ್ಟು. ಮೂರರಲ್ಲಿ ಗುಟ್ಟೇ ದೊಡ್ಡದು. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದರೂ ಆಟ ಮುಗಿಯಿತು ಅಂತ ಅವನಿಗೆ ಗೊತ್ತು. ಹಾಗಾಗಿ ನಾಟಕದ ತಿರುವು ಗುಟ್ಟು ಒಡೆಯುವ ಕ್ಷಣವೇ ಆಗಬೇಕು.

ಅಜ್ಜಿ ಕಳ್ಳನಿಗೇ ಮೋಸ ಮಾಡುವ ತಿರುವನ್ನು ಎಲ್ಲರೂ ಬರೆಯುತ್ತಾರೆ. ಅದು ಬೇಡ. ಜನ ನಗುತ್ತಾರೆ, ಆದರೆ ಮನೆಗೆ ಹೋಗಿ ತಾವೂ ಕಳ್ಳನ ಹತ್ತಿರ ಆಟ ಆಡಲು ಹೋಗುತ್ತಾರೆ.

ನನ್ನ ಸಲಹೆ ಇದು. ಗಿರಿಜಮ್ಮನಿಗೆ ಕರೆ ಬರುತ್ತದೆ. ಫೀಸು ಕಟ್ಟಲು ಕೈಯಲ್ಲಿ ಕಾಸಿಲ್ಲ. ಲಾಟರಿ ವಿಷಯ ಮುಚ್ಚಿಟ್ಟು ಸಾಲ ಕೇಳಲು ನಿಂಗಣ್ಣನ ಮನೆಗೆ ಹೊರಡುತ್ತಾಳೆ. ನಿಂಗಣ್ಣ ಅದೇ ಹೊತ್ತಿಗೆ ಅವಳ ಹತ್ತಿರ ಸಾಲ ಕೇಳಲು ಹೊರಟಿದ್ದಾನೆ. ದಾರಿ ಮಧ್ಯೆ ಎದುರಾಗುತ್ತಾರೆ. ಇಬ್ಬರೂ ಕೇಳುವುದು ಒಂದೇ ಮೊತ್ತ.

ಶಿಬಿರದ ಮುಂದಾಳು
ಆಹಾ! ಇದು ಬೇಕಿತ್ತು. ಮೊತ್ತ ಎಷ್ಟು ಇಡೋಣ? ನಮ್ಮ ಹಳೇ ಪ್ರತಿಯಲ್ಲಿ 500 ಇತ್ತು.

ರಂಗಸಜ್ಜಿಕೆ
500 ಆದರೆ ಸೆರಗಿನ ಗಂಟಲ್ಲೇ ಇರುತ್ತದೆ, ಸಾಲ ಯಾಕೆ ಬೇಕು? 50,000 ಅಂದರೆ ಯಾರೂ ನಂಬಿ ಸಾಲಕ್ಕೆ ಹೋಗಲ್ಲ. ಮತ್ತೆ 5,000 ಅಂತ ಗುಂಡಗೆ ಇಟ್ಟರೆ ಇಬ್ಬರೂ ಅಷ್ಟೇ ಕೇಳಿದಾಗ ಕಾಕತಾಳೀಯ ಅನಿಸಿಬಿಡುತ್ತದೆ. ಕೊಂಕು ಸಂಖ್ಯೆ ಬೇಕು. 6,850 ಇಡಿ. "ಆರ್ ಸಾವ್ರದ ಎಂಟ್ನೂರೈವತ್ತು" ಅನ್ನಲು ಬಾಯಿಗೂ ಚೆನ್ನಾಗಿದೆ.

ಈ ಸಂಖ್ಯೆ ತಿರುವಿಗೆ ಮುಂಚೆ ಮೂರು ಸಲ ಪ್ರೇಕ್ಷಕರ ಕಿವಿಗೆ ಬೀಳಬೇಕು. ಕರೆಯವನು ಒಂದು ಸಲ ಹೇಳುತ್ತಾನೆ. ಗಿರಿಜಮ್ಮ ಬೆರಳು ಮಡಚುತ್ತ ತಿರುಗಿ ಹೇಳುತ್ತಾಳೆ. ಡಬ್ಬಿಯ ಚಿಲ್ಲರೆ ಎಣಿಸಿ "ಇನ್ನೂರ ಹತ್ತು ಐತೆ, ಆರ್ ಸಾವ್ರದ ಎಂಟ್ನೂರೈವತ್ತು ಎಲ್ಲಿಂದ ತರ್ಲಿ" ಅನ್ನುತ್ತಾಳೆ. ಮೂರಕ್ಕಿಂತ ಕಡಿಮೆಯಾದರೆ ಹಿಂದೆ ಕೂತವರಿಗೆ ತಿರುವು ಹತ್ತುವುದಿಲ್ಲ. ಇಂಥ ನಾಟಕ ಬಯಲಲ್ಲಿ ಬಿದ್ದುಹೋಗುವುದು ಬಹುತೇಕ ಇದೇ ಕಾರಣಕ್ಕೆ.

ಬ್ಯಾಂಕಿನ ಬೆಂಚು
ತಿರುವು ಚೆನ್ನಾಗಿದೆ. ಹಣದ ಭಾಗದಲ್ಲಿ ತಪ್ಪಾಗದ ಹಾಗೆ ಒಂದೆರಡು ಮಾತು.

ಕಟ್ಟುವ ದಾರಿ ಕ್ಯೂಆರ್ ಕೋಡ್ ಇರಲಿ. "ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ" ಅನ್ನುವುದು ಇವರ ಹಳೇ ಮಾತು. ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ಬರುವ ದುಡ್ಡಿಗೆ ಪಿನ್ ಬೇಕಿಲ್ಲ. ನಾಟಕದಲ್ಲಿ ಇದೊಂದು ತಾಂತ್ರಿಕ ಮಾತು ಸಾಕು. ಒಟಿಪಿ, ಕೆವೈಸಿ, ಸ್ಕ್ರೀನ್ ಹಂಚುವ ಆ್ಯಪ್ ಎಲ್ಲವನ್ನೂ ತುರುಕಿದರೆ ಒಂದೂ ಉಳಿಯುವುದಿಲ್ಲ.

ಹಳೇ ನಾಟಕಗಳಲ್ಲಿ "ರಿಕ್ವೆಸ್ಟ್ ಕಳಿಸಿದ್ದೀನಿ, ಒಪ್ಪಿಕೊಳ್ಳಿ" ಅನ್ನುವ ದೃಶ್ಯ ಇರುತ್ತದೆ. ಅದನ್ನು ಎತ್ತಿ ಹಾಕಬೇಡಿ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಾಗೆ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ನಿಲ್ಲಿಸಿದ್ದಾರೆ.

ಹುಚ್ಚೇಗೌಡ ಎಚ್
ಇನ್ನೊಂದು ಸಾಲು ಸೇರಿಸಿ. "ನಿಜವಾದ ಬಹುಮಾನದಲ್ಲಿ ತೆರಿಗೆ ಹಿಡಕೊಂಡೇ ಕೊಡ್ತಾರೆ, ಮುಂಚೆ ಕಟ್ಟು ಅನ್ನಲ್ಲ." ಇದಾದರೂ ಪೂರ್ತಿ ಸರಿ ತಾನೆ?

ಬ್ಯಾಂಕಿನ ಬೆಂಚು
ನಗದು ಬಹುಮಾನಕ್ಕೆ ಸರಿ. ಶೇಕಡಾ 30ನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆದರೆ ಬಹುಮಾನ ಕಾರೋ ಬೈಕೋ ಆಗಿದ್ದರೆ, ಅದರ ತೆರಿಗೆ ಕಟ್ಟಿದೆ ಅಂತ ಖಾತ್ರಿಯಾದ ಮೇಲೆಯೇ ವಸ್ತು ಕೈಗೆ ಕೊಡಬೇಕು ಅನ್ನುವುದು ನಿಯಮ. ಹಾಗಾಗಿ ನಾಟಕದಲ್ಲಿ ಕಾರು ತರಬೇಡಿ. ನೋಡುವವರಲ್ಲಿ ಒಬ್ಬ ಲೆಕ್ಕಪತ್ರ ಬಲ್ಲವನಿದ್ದರೆ ಎದ್ದು ನಿಂತು ವಾದಕ್ಕೆ ಬರುತ್ತಾನೆ, ನಿಮ್ಮ 12 ನಿಮಿಷ ಅಲ್ಲಿಗೆ ಹೋಯಿತು.

ಅಂದಹಾಗೆ ಕಳ್ಳರು ಈಗ ಜಾಣರಾಗಿದ್ದಾರೆ. "ಟ್ಯಾಕ್ಸ್ ಏಳೂವರೆ ಲಕ್ಷ ನಾವೇ ಕಟ್ತೀವಿ ಮೇಡಮ್, ನೀವು ಫೈಲ್ ಚಾರ್ಜ್ ಮಾತ್ರ ಕೊಡಿ" ಅನ್ನುತ್ತಾರೆ. ದೊಡ್ಡ ಮೊತ್ತ ಮೊದಲು ಹೇಳಿದರೆ 6,850 ಚಿಕ್ಕದಾಗಿ ಕಾಣುತ್ತದೆ. ಅದನ್ನು ಕರೆಯವನ ಬಾಯಲ್ಲಿ ಇಡಿ.

ಶಿಬಿರದ ಮುಂದಾಳು
ರಾತ್ರಿ ಕೂತು ಎದುರಾಗುವ ದೃಶ್ಯ ಬರೆದೆವು. ನೋಡಿ.

*ಗಿರಿಜಮ್ಮ:* ನಿಂಗಣ್ಣ, ನಿನ್ ಮನೆ ತಾವ್ಕೇ ಬತ್ತಿದ್ದೆ ಕಣಪ್ಪ.
*ನಿಂಗಣ್ಣ:* ನಾನೂ ನಿನ್ ತಾವ್ಕೇ ಹೊಂಟಿದ್ದೆ ಗಿರಿಜಕ್ಕ. ಏನ್ ಸಮಾಚಾರ?
*ಗಿರಿಜಮ್ಮ:* ಏನಿಲ್ಲ… ಹಸಾ ಉಸಾರಿಲ್ಲ. ಡಾಕ್ಟ್ರಿಗೆ ಒಸಿ ಕಾಸು ಬೇಕಿತ್ತು.
*ನಿಂಗಣ್ಣ:* ಅಯ್ಯೋ ಸಿವನೇ, ನಂದೂ ಅದೇಯ. ಪಂಪ್‌ಸೆಟ್ ಸುಟ್ಟೋಗದೆ.
*ಗಿರಿಜಮ್ಮ:* ಎಸ್ಟು ಬೇಕಿತ್ತು?
*ನಿಂಗಣ್ಣ:* ನಿಂಗೆಸ್ಟು ಬೇಕಿತ್ತು?
*ಇಬ್ಬರೂ ಒಟ್ಟಿಗೆ:* ಆರ್ ಸಾವ್ರದ ಎಂಟ್ನೂರೈವತ್ತು.
*(ಮೌನ)*
*ಗಿರಿಜಮ್ಮ:* ನಿನ್ ಪಂಪ್‌ಸೆಟ್ಗೂ ಐದ್ ಗಂಟೆ ಒಳ್ಗೇ ಕಟ್ಬೇಕಾ?

ರಂಗಸಜ್ಜಿಕೆ
ಕೊನೇ ಸಾಲು ಚಿನ್ನ! ಅದನ್ನು ಮುಟ್ಟಬೇಡಿ. ಮೌನ ಮಾತ್ರ ಪೂರ್ತಿ ಮೂರು ಎಣಿಕೆ ಇರಲಿ. ಹುಡುಗರು ಗಾಬರಿಯಲ್ಲಿ ಒಂದೇ ಎಣಿಕೆಗೆ ಮುಂದಿನ ಮಾತು ಆಡಿಬಿಡುತ್ತಾರೆ, ನಗು ಅಲ್ಲೇ ಸಾಯುತ್ತದೆ. ಜನ ನಗಲು ಶುರು ಮಾಡಿದರೆ ಆ ನಗು ಇಳಿಯುವವರೆಗೂ ಕಾಯಬೇಕು.

ಈ ಕಾರಣಕ್ಕೇ ಕರೆಯವನ ದನಿಯನ್ನು ಮೊದಲೇ ರೆಕಾರ್ಡ್ ಮಾಡಿ ಹಾಕಬೇಡಿ. ರೆಕಾರ್ಡಿಂಗ್ ನಗುವಿಗೆ ನಿಲ್ಲುವುದಿಲ್ಲ. ಒಬ್ಬ ಹುಡುಗ ಕಟ್ಟೆಯ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂತು ಮೈಕಿನಲ್ಲಿ ಮಾತಾಡಲಿ. ಮುಖ ಕಾಣದಿದ್ದರೆ ಮೀಸೆ, ಕಪ್ಪು ಕನ್ನಡಕ ಹಾಕಿಸಿ ಅವನನ್ನು ಭಯಂಕರ ಮಾಡುವ ಆಸೆಯೂ ಹುಟ್ಟುವುದಿಲ್ಲ. ದನಿ ಬಹಳ ಮರ್ಯಾದೆಯದ್ದಾಗಿರಲಿ, "ಮೇಡಮ್", "ತಮ್ಮ" ಅಂತ. ನಿಜವಾದ ಕರೆಯವನು ಗದರುವುದಿಲ್ಲ. ನಾಟಕದ ಕಳ್ಳ ಗದರಿದರೆ, ನಾಳೆ ಮೆತ್ತಗೆ ಮಾತಾಡುವವನು ಬಂದಾಗ ಜನರಿಗೆ ಗುರುತೇ ಸಿಗುವುದಿಲ್ಲ.

ಎರಡನೇ ಮೈಕು ಗಿರಿಜಮ್ಮನಿಗೆ. ನಿಂಗಣ್ಣ ಅವಳ ಪಕ್ಕಕ್ಕೇ ನಿಲ್ಲಬೇಕಾದ್ದರಿಂದ ಒಂದರಲ್ಲೇ ಸಾಗುತ್ತದೆ.

ಗಡಿನಾಡು ಕಾಸರಗೋಡು
ಮೊಬೈಲ್ ರಿಂಗ್‌ಟೋನ್ ಸ್ಪೀಕರಿನಲ್ಲಿ ಹಾಕುತ್ತೀರಾದರೆ ಮಾಮೂಲಿ ಕಂಪನಿ ಟೋನ್ ಬೇಡ. ನೋಡುತ್ತಿರುವ ಅರ್ಧ ಜನ ತಮ್ಮ ಜೇಬು ತಡಕುತ್ತಾರೆ. ಸೈಕಲ್ ಬೆಲ್ ಬಾರಿಸಿದರೂ ಫೋನ್ ಅಂತ ಅರ್ಥವಾಗುತ್ತದೆ.

ಪದ್ಮ_ತುಮಕೂರು
ನಾಟಕ ಅಂತ ಈಗ ತಿಳೀತು, ಕ್ಷಮಿಸಿ. ಆದರೂ ನನ್ನ ಪ್ರಶ್ನೆ ಬಿಡಲ್ಲ. ಇಬ್ಬರೂ ಕಟ್ಟುವ ಮುಂಚೆಯೇ ಉಳಿದುಕೊಂಡರು, ಸಂತೋಷ. ನೋಡುತ್ತ ಕೂತವರಲ್ಲಿ ಈಗಾಗಲೇ ಕಟ್ಟಿದವರು ಇದ್ದರೆ? ಅವರಿಗೆ ಈ ನಾಟಕದಲ್ಲಿ ಏನೂ ಇಲ್ಲ. "ಅವರಿಬ್ಬರು ಜಾಣರು, ನಾನೇ ದಡ್ಡಿ" ಅಂತ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ನಮ್ಮ ಸಂಘದಲ್ಲಿ ಹಾಗೆ ಬಾಯಿ ಬಿಡದವರು ಇದ್ದಾರೆ.

ರಂಗಸಜ್ಜಿಕೆ
ಪದ್ಮಾ ಅವರೇ, ನಾಟಕದ ಮಂದಿ ಕೇಳಬೇಕಾದ ಪ್ರಶ್ನೆಯನ್ನು ನೀವು ಕೇಳಿದಿರಿ. ಹಾಗಾದರೆ ತಿರುವಿನ ಮೇಲೆ ಇನ್ನೊಂದು ಸುತ್ತು ಬೇಕು.

ಇಬ್ಬರೂ ಗುಟ್ಟು ಬಿಚ್ಚಿ ನಗುತ್ತಿರುವಾಗ ಸಿದ್ದಪ್ಪ ಮೇಷ್ಟ್ರು ಬರಲಿ. ಊರಿಗೆಲ್ಲ ಅರ್ಜಿ ಬರೆದುಕೊಡುವ ನಿವೃತ್ತ ಮೇಷ್ಟ್ರು. ಅವರಿಗೂ ಸಾಲ ಬೇಕು, ಆದರೆ ಮೊತ್ತ ಬೇರೆ: 18,400. ನಗು ನಿಲ್ಲುತ್ತದೆ. ಗಿರಿಜಮ್ಮ ಮೆಲ್ಲಗೆ ಕೇಳುತ್ತಾಳೆ: "ಮೇಷ್ಟ್ರೇ, ಇದಕ್ ಮುಂಚೆ ಆರ್ ಸಾವ್ರದ ಎಂಟ್ನೂರೈವತ್ತು ಕಟ್ಟಿದ್ರಾ?"

ಮೊದಲ ಫೀಸು ಕಟ್ಟಿದ ಕೂಡಲೇ ಎರಡನೆಯದು ಬರುತ್ತದೆ, ಅದು ಮೊದಲಿನದಕ್ಕಿಂತ ದೊಡ್ಡದಿರುತ್ತದೆ. ಕಟ್ಟಿದ್ದು ವ್ಯರ್ಥ ಆಗಬಾರದು ಅಂತ ಮನುಷ್ಯ ಎರಡನೆಯದನ್ನೂ ಕಟ್ಟುತ್ತಾನೆ. ಇಷ್ಟನ್ನೂ ವಿವರಿಸದೆ, ಒಂದು ಪ್ರಶ್ನೆಯಲ್ಲೇ ದಾಟಿಸಬಹುದು. ಸಿಕ್ಕಿಬಿದ್ದವರು ಓದಿದ ಮೇಷ್ಟ್ರೇ ಆದ್ದರಿಂದ ಓದಿಲ್ಲದವರು ಮಾತ್ರ ಮೋಸಹೋಗುತ್ತಾರೆ ಅನ್ನುವ ಮಾತೂ ಬಿದ್ದುಹೋಗುತ್ತದೆ.

ಹುಚ್ಚೇಗೌಡ ಎಚ್
ಮೇಷ್ಟ್ರನ್ನ ಹಾಗೆ ತೋರಿಸಿದರೆ ಊರಿನ ಮೇಷ್ಟ್ರಿಗೆ ಬೇಜಾರಾಗಲ್ವಾ?

ರಂಗಸಜ್ಜಿಕೆ
ಆ ಊರಿನಲ್ಲಿ ಸಿದ್ದಪ್ಪ ಅನ್ನುವ ಮೇಷ್ಟ್ರು ಇದ್ದಾರಾ ಅಂತ ಮೊದಲೇ ವಿಚಾರಿಸಿ ಹೆಸರು ಬದಲಾಯಿಸಿ. ಅಷ್ಟೇ.

ಬ್ಯಾಂಕಿನ ಬೆಂಚು
ಮೇಷ್ಟ್ರು ಬಂದಿದ್ದು ಒಳ್ಳೆಯದಾಯಿತು, 1930ಕ್ಕೆ ಈಗ ಒಂದು ಜಾಗ ಸಿಕ್ಕಿತು. ಕಟ್ಟದೆ ಉಳಿದವರ ಬಾಯಲ್ಲಿ 1930 ಇಟ್ಟರೆ ಅರ್ಥವಿಲ್ಲ. ಅದು ಹಣ ಹೋದವರಿಗಾಗಿ ಇರುವ ಸಹಾಯವಾಣಿ. ಬರೀ ಅನುಮಾನದ ಕರೆ ಬಂದಿದ್ದರೆ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ 'ಚಕ್ಷು' ಅನ್ನುವ ಭಾಗ ಇದೆ, ಅಲ್ಲಿ ತಿಳಿಸಬಹುದು. ಇದನ್ನು ನಾಟಕಕ್ಕೆ ತರಬೇಡಿ, ಮುಗಿದ ಮೇಲೆ ಹಂಚುವ ಚೀಟಿಯಲ್ಲಿ ಹಾಕಿ.

1930 ಕೆಲಸ ಮಾಡುವ ಬಗೆ ಹೀಗೆ. ಹೋದ ಹಣ ಕಳ್ಳನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತ ಇರುತ್ತದೆ. ದೂರು ದಾಖಲಾದ ಕೂಡಲೇ ಆ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಎಟಿಎಂನಿಂದ ನಗದಾಗಿ ಹೊರಬಿದ್ದಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಒಂದೊಂದು ನಿಮಿಷಕ್ಕೂ ಬೆಲೆ. ಹಾಗಂತ "1930ಕ್ಕೆ ಮಾಡಿದ್ರೆ ದುಡ್ಡು ವಾಪಸ್ ಬತ್ತದೆ" ಅಂತ ಪಾತ್ರದ ಬಾಯಲ್ಲಿ ಹೇಳಿಸಬೇಡಿ, ಅದು ಸುಳ್ಳು ಭರವಸೆ. "ಬೇಗ ಹೇಳಿದ್ರೆ ಹಿಡ್ಯಕ್ಕೆ ಆಯ್ತದೆ" ಅನ್ನಿ, ಅಷ್ಟು ನಿಜ.

ಕರೆ ಮಾಡಿದಾಗ ಅವರು ಕೇಳುವುದು ಯಾವ ಬ್ಯಾಂಕು, ಎಷ್ಟು ಹಣ, ಎಷ್ಟು ಹೊತ್ತಿಗೆ, ಮತ್ತು ವಹಿವಾಟಿನ ಸಂಖ್ಯೆ. ಯುಪಿಐನಲ್ಲಿ ಅದು 12 ಅಂಕಿಯದ್ದು, ಆ್ಯಪ್‌ನಲ್ಲಿ ಆ ಪಾವತಿಯನ್ನು ಒತ್ತಿದರೆ ಕಾಣುತ್ತದೆ. ನಾಚಿಕೆಗೆ ಮೆಸೇಜು ಅಳಿಸಿಬಿಟ್ಟವರಿಗೆ ಇಲ್ಲೇ ತೊಂದರೆ. ಆಮೇಲೆ cybercrime.gov.in ನಲ್ಲಿ ದೂರನ್ನು ಪೂರ್ತಿ ಮಾಡಬೇಕು. ನಾಟಕದಲ್ಲಿ ಇದನ್ನೆಲ್ಲ ಹೇಗೆ ತೋರಿಸುತ್ತೀರೋ ನಿಮಗೆ ಬಿಟ್ಟದ್ದು.

ಶಿಬಿರದ ಮುಂದಾಳು
ಹೀಗೆ ಮಾಡಿದರೆ?

*ಮೇಷ್ಟ್ರು:* ಅಳಿಸಿಬಿಟ್ಟೆ… ಇಲ್ಲ, ಅಳಿಸಕ್ಕೆ ಹೊರಟಿದ್ದೆ. ಮೊಮ್ಮಗಳು ನೋಡಿದ್ರೆ ನಗ್ತಾಳೆ ಅಂತ.
*ಗಿರಿಜಮ್ಮ:* ನಾವೂ ನಕ್ಕುದ್ವು, ನಮ್ಮನ್ನ ನಾವೇ ನೋಡ್ಕೊಂಡು. ಯಾವಾಗ ಕಟ್ಟುದ್ರಿ?
*ಮೇಷ್ಟ್ರು:* ಈಗ್ಗೆ ಮುಕ್ಕಾಲು ಗಂಟೆ ಆಯ್ತು.
*ನಿಂಗಣ್ಣ:* ಕೊಡಿ ಮೇಷ್ಟ್ರೇ ಫೋನು. ಒಂದು, ಒಂಬತ್ತು, ಮೂರು, ಸೊನ್ನೆ. ಆ ಹನ್ನೆರಡು ಅಂಕಿ ನೀವ್ ಓದಿ, ನಾನ್ ಕನ್ನಡಕ ತಂದಿಲ್ಲ.

ಪದ್ಮ_ತುಮಕೂರು
ನಿಂಗಣ್ಣನ ಕನ್ನಡಕದ ಮಾತು ಚೆನ್ನಾಗಿದೆ. ಮೇಷ್ಟ್ರ ಕೈಗೆ ಮತ್ತೆ ಒಂದು ಕೆಲಸ ಬಂತು, ಮರ್ಯಾದೆ ಉಳಿಯಿತು. "ಇಷ್ಟು ಓದಿ ಹಿಂಗೆ ಮಾಡ್ಕೊಂಡ್ರಲ್ಲ" ಅನ್ನುವ ಮಾತು ಯಾರ ಬಾಯಲ್ಲೂ ಬರದ ಹಾಗೆ ನೋಡಿಕೊಳ್ಳಿ. ರಿಹರ್ಸಲ್‌ನಲ್ಲಿ ಹುಡುಗರು ತಮಾಷೆಗೆ ಸೇರಿಸಿಯೇ ಸೇರಿಸುತ್ತಾರೆ.

ಗಡಿನಾಡು ಕಾಸರಗೋಡು
ಟಿಕೆಟ್ ಮಾತು ಬಿಟ್ಟುಹೋಯಿತಲ್ಲ! ಗುಟ್ಟು ಒಡೆದ ಕೂಡಲೇ ನಿಂಗಣ್ಣ "ನಿನ್ ಟಿಕೀಟು ತೋರ್ಸು" ಅನ್ನಲಿ, ಅವಳು "ನಿಂದ್ ತೋರ್ಸು" ಅನ್ನಲಿ. ಇಬ್ಬರೂ ಜೇಬು, ಸೆರಗು ತಡಕಿ ನೋಡಲಿ. ಟಿಕೆಟ್ಟೇ ಕೊಂಡಿಲ್ಲ ಅನ್ನುವುದು ಅವರಿಗೇ ಆಗ ನೆನಪಾಗಲಿ.

ರಂಗಸಜ್ಜಿಕೆ
ತಗೊಳ್ಳಿ, ಹುಚ್ಚೇಗೌಡರ ವಾಕ್ಯ ಒಂದೂ ಮಾತಿಲ್ಲದೆ ಬಂತು. ಇದು ಮೇಷ್ಟ್ರು ಬರುವ ಮುಂಚೆ ಇರಬೇಕು.

ಈಗ ವಸ್ತುಗಳ ಬಗ್ಗೆ. ಕ್ಯೂಆರ್ ಕೋಡನ್ನು ದೊಡ್ಡ ರಟ್ಟಿನ ಮೇಲೆ ತೋರಿಸುತ್ತೀರಿ ತಾನೆ? ನೆಟ್‌ನಿಂದ ಯಾವುದೋ ಕೋಡ್ ಇಳಿಸಿ ಅಂಟಿಸಬೇಡಿ. ಕೂತಲ್ಲಿಂದಲೇ ಯಾರೋ ಸ್ಕ್ಯಾನ್ ಮಾಡುತ್ತಾರೆ, ಅದು ಯಾರದ್ದೋ ಖಾತೆಗೆ ತೆರೆದುಕೊಳ್ಳುತ್ತದೆ. ಕೈಯಲ್ಲೇ ಕಪ್ಪು ಬಿಳಿ ಚೌಕ ಬರೆಯಿರಿ, ಮೂರು ಮೂಲೆಯ ದೊಡ್ಡ ಚೌಕಗಳ ಜಾಗದಲ್ಲಿ ಲಡ್ಡು ಬರೆಯಿರಿ. ಫೋನು ಕೋಡನ್ನು ಗುರುತು ಹಿಡಿಯುವುದು ಆ ಮೂರು ಚೌಕದಿಂದಲೇ, ಅವಿಲ್ಲದಿದ್ದರೆ ಓದುವುದಿಲ್ಲ. ಹಾಗೆಯೇ ಕರೆಯವನ ನಂಬರ್ ಅಂತ ಹತ್ತು ಅಂಕಿ ಪೂರ್ತಿ ಹೇಳಬೇಡಿ. ಅದು ಯಾವನೋ ಪಾಪದವನದ್ದಾಗಿರುತ್ತದೆ, ರಾತ್ರಿಯೆಲ್ಲ ಅವನಿಗೆ ಬೈಗುಳ.

ಹುಚ್ಚೇಗೌಡ ಎಚ್
ಕೊನೆಗೆ ಕಳ್ಳ ಮತ್ತೆ ಫೋನ್ ಮಾಡಲಿ. ಮೂವರೂ ಸ್ಪೀಕರ್ ಹಾಕಿ ಉಗಿಯಲಿ. ಜನ ಶಿಳ್ಳೆ ಹೊಡೀತಾರೆ, ಬರೆದಿಟ್ಟುಕೊಳ್ಳಿ.

ಬ್ಯಾಂಕಿನ ಬೆಂಚು
ಶಿಳ್ಳೆ ಬರುತ್ತದೆ. ಆದರೆ ಉಗಿಯುವುದೂ ಮಾತಾಡುವುದೇ. ಇವರ ಕಸುಬು ನಿಂತಿರುವುದು ಮಾತು ಬೆಳೆಸುವುದರ ಮೇಲೆ. ಲಾಟರಿ ನಡೆಯದಿದ್ದರೆ "ನಿಮ್ಮ ಮೇಲೆ ಕೇಸ್ ಆಗಿದೆ" ಅಂತ ದಾರಿ ಬದಲಿಸುತ್ತಾರೆ. ಫೋನ್ ಇಡುವುದನ್ನೇ ತೋರಿಸಿ.

ಹುಚ್ಚೇಗೌಡ ಎಚ್
ಫೋನ್ ಇಡೋದ್ರಲ್ಲಿ ಏನ್ ನಾಟಕ ಇದೆ ಸ್ವಾಮಿ? ಉಗಿದರೆ ಜನರ ಹೆದರಿಕೆ ಹೋಗುತ್ತೆ.

ರಂಗಸಜ್ಜಿಕೆ
ಇಬ್ಬರ ಮಾತಲ್ಲೂ ಹುರುಳಿದೆ. ನನ್ನ ಮನಸ್ಸು ಇಡುವ ಕಡೆಗೇ ವಾಲುತ್ತದೆ. ಬೆಲ್ ಹೊಡೆಯುತ್ತದೆ, ಮೂವರೂ ಫೋನನ್ನೇ ನೋಡುತ್ತಾರೆ. ಗಿರಿಜಮ್ಮ ಅದನ್ನು ಬೋರಲು ಹಾಕಿ "ನಿಂಗಣ್ಣ, ಡೈರಿಗೆ ಹಾಲ್ ಹಾಕೋ ಹೊತ್ತಾಯ್ತು" ಅಂತ ಎದ್ದು ಹೋಗುತ್ತಾಳೆ. ಬೆಲ್ ಹೊಡೆಯುತ್ತಲೇ ಇರುತ್ತದೆ, ಮೂಲೆಯ ಹುಡುಗ ಸ್ಟೂಲಿನ ಮೇಲೆ ಒಬ್ಬನೇ "ಹಲೋ… ಮೇಡಮ್… ಹಲೋ" ಅನ್ನುತ್ತ ಉಳಿಯುತ್ತಾನೆ. ರಿಹರ್ಸಲ್‌ನಲ್ಲಿ ಎರಡೂ ಆಡಿ ನೋಡಿ, ಯಾವುದು ಕೂರುತ್ತದೋ ಅದು.

ಶಿಬಿರದ ಮುಂದಾಳು
ಇವತ್ತು ಎರಡನ್ನೂ ಆಡಿ ನೋಡಿದೆವು. ಉಗಿಯುವುದಕ್ಕೆ ನಮ್ಮ ಹುಡುಗರೇ ಜಾಸ್ತಿ ನಕ್ಕರು. ಅಡುಗೆಗೆ ಬರುವ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರಿಗೆ ಇಡುವುದೇ ಹಿಡಿಸಿತು. ನಾಟಕ ಒಟ್ಟು 14 ನಿಮಿಷಕ್ಕೆ ಹೋಗುತ್ತಿದೆ, ಎಲ್ಲಿ ಕತ್ತರಿಸೋಣ?

ರಂಗಸಜ್ಜಿಕೆ
ಮೊದಲ ಕರೆಯಲ್ಲಿ. ಮೂರು ನಿಮಿಷಕ್ಕಿಂತ ಉದ್ದವಿದ್ದರೆ ಕಳ್ಳನ ಜಾಣತನಕ್ಕೇ ವೇದಿಕೆ ಕೊಟ್ಟ ಹಾಗೆ. 6,850 ಅನ್ನುವ ಮೂರು ಸಲವನ್ನು ಮಾತ್ರ ಮುಟ್ಟಬೇಡಿ.

ಪದ್ಮ_ತುಮಕೂರು
ನಾಟಕ ಮುಗಿದ ಕೂಡಲೇ ಮೈಕಿನಲ್ಲಿ "ಯಾರಿಗಾದರೂ ಹೀಗೆ ಆಗಿದೆಯಾ, ಕೈ ಎತ್ತಿ" ಅಂತ ಕೇಳಬೇಡಿ, ಒಬ್ಬರೂ ಎತ್ತಲ್ಲ. ಚೀಟಿ ಹಂಚುವ ಹುಡುಗಿಯನ್ನು ಕಟ್ಟೆ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿಸಿ. ಹೇಳಬೇಕು ಅನ್ನುವವರು ಜನ ಕರಗಿದ ಮೇಲೆ ಬರುತ್ತಾರೆ.